ಮಿಲ್ಲು ಖಾಲಿ, ಅಂಗಳ ಖಾಲಿಯಲ್ಲ: ಬೇಳೆ ಮಿಲ್ಲಿನ ಒಂದು ದೊಡ್ಡ ಆರ್ಡರ್ ಮತ್ತು ಹೆಚ್ಚುವರಿ ವೆಚ್ಚದ ಲೆಕ್ಕ

(ಆನ್‌ಲೈನ್ ವಿಚಾರ ಸಂಕಿರಣದಲ್ಲಿ ಆಡಿದ ಮಾತುಗಳ ಲಿಖಿತ ರೂಪ. ಪ್ರಶ್ನೋತ್ತರಗಳನ್ನು ಬಂದ ಜಾಗದಲ್ಲೇ ಉಳಿಸಿಕೊಂಡಿದ್ದೇನೆ. ಮಾತಿನ ಧಾಟಿಯನ್ನು ಪೂರ್ತಿ ತಿದ್ದಲು ಹೋಗಿಲ್ಲ.)

ಅಧ್ಯಾಪಕ ಮಿತ್ರರೂ ವಿದ್ಯಾರ್ಥಿಗಳೂ ಇದ್ದೀರಿ, ಹಾಗಾಗಿ ಪಠ್ಯದ ವ್ಯಾಖ್ಯೆಯಿಂದ ಶುರು ಮಾಡದೆ ಒಂದು ಮಿಲ್ಲಿನಿಂದ ಶುರು ಮಾಡುತ್ತೇನೆ. ನಮ್ಮೂರು ವಲಾಂಡಿ. ಲಾತೂರ ಜಿಲ್ಲೆಯ ದೇವಣಿ ತಾಲ್ಲೂಕಿನಲ್ಲಿದೆ. ಉದಗೀರ, ನಿಲಂಗಾ ತಾಲ್ಲೂಕುಗಳು 1956ರವರೆಗೆ ಹೈದರಾಬಾದ್ ರಾಜ್ಯದ ಬೀದರ ಜಿಲ್ಲೆಯಲ್ಲಿದ್ದವು. ಆದ್ದರಿಂದ ನಮ್ಮ ಕಡೆ ಮನೆಯಲ್ಲಿ ಕನ್ನಡ, ಪೇಟೆಯಲ್ಲಿ ಮರಾಠಿ, ಮುನೀಮರ ವಹಿಯಲ್ಲಿ ಎರಡೂ ಕೂಡಿಕೊಂಡೇ ಇರುತ್ತವೆ. ನಮ್ಮ ಕಾಕಾ ಉದಗೀರದ ಒಂದು ಬೇಳೆ ಮಿಲ್ಲಿನಲ್ಲಿ ಮುನೀಮರಾಗಿದ್ದರು. ಇವತ್ತಿನ ವಿಷಯ ನನಗೆ ಮೊದಲು ಅರ್ಥವಾದದ್ದು, ಸರಿಯಾಗಿ ಹೇಳಬೇಕೆಂದರೆ ಮೊದಲು ತಪ್ಪಾಗಿ ಅರ್ಥವಾದದ್ದು, ಅವರ ಮುಂದೆ ಕೂತಾಗ.

ನಡೆದದ್ದು ಇಷ್ಟು. ಆಷಾಢದ ಮಳೆ ಹಿಡಿದಿತ್ತು. ಸೋಲಾಪುರದ ಕಡೆಯ ಒಬ್ಬ ಸಗಟು ವ್ಯಾಪಾರಿ ಮಿಲ್ಲಿಗೆ ಬಂದು, ತನ್ನ ಹತ್ತಿರ 3,000 ಕ್ವಿಂಟಲ್ ತೊಗರಿ ಇದೆ, ಒಂದು ತಿಂಗಳಲ್ಲಿ ಬೇಳೆ ಮಾಡಿಕೊಡಿ, ಕ್ವಿಂಟಲ್‌ಗೆ ₹240 ಕೊಡುತ್ತೇನೆ ಎಂದ. ಮಿಲ್ಲಿನ ಮಾಮೂಲಿ ದರ ₹360. ಕಾಕಾ ವಹಿ ತೆಗೆದು ನೋಡಿ, ನಮಗೆ ಬೀಳೋದೇ ₹320, ಆಗೋದಿಲ್ಲ ಎಂದು ಹೇಳಿ ಕಳಿಸಿದರು. ನಾನು ಆಗ ಎಂ.ಕಾಂ. ಓದುತ್ತಿದ್ದೆ. ಮ್ಯಾನೇಜ್‌ಮೆಂಟ್ ಅಕೌಂಟಿಂಗ್ ಪತ್ರಿಕೆ ತಲೆಯಲ್ಲಿ ಹೊಸದಾಗಿ ಕೂತಿತ್ತು. ಕಾಕಾ ಎರಡು ಲಕ್ಷ ಕಳೆದುಕೊಂಡರು ಎಂದು ಮನೆಯಲ್ಲಿ ಎಲ್ಲರ ಮುಂದೆ ಹೇಳಿಬಿಟ್ಟೆ. ಅವರು ಕೊಟ್ಟ ಉತ್ತರವನ್ನು ಆಮೇಲೆ ಹೇಳುತ್ತೇನೆ. (ಅಂಕಿಗಳನ್ನು ಲೆಕ್ಕಕ್ಕೆ ಅನುಕೂಲವಾಗಲಿ ಅಂತ ದುಂಡಾಗಿಸಿದ್ದೇನೆ. ಇವು ಯಾವ ಮಿಲ್ಲಿನ ಅಧಿಕೃತ ಲೆಕ್ಕವೂ ಅಲ್ಲ.)

ಮೊದಲು ಆ ₹320 ಎಲ್ಲಿಂದ ಬಂತು ನೋಡೋಣ. ಈ ಮಿಲ್ಲಿನ ರೋಲರ್‌ಗಳು ದಿನಕ್ಕೆ 200 ಕ್ವಿಂಟಲ್ ತೊಗರಿ ಒಡೆಯಬಲ್ಲವು. ಹಂಗಾಮಿನಲ್ಲಿ, ಅಂದರೆ ತೊಗರಿ ರಾಶಿಯಾಗಿ ಪೇಟೆಗೆ ಬರುವ ಡಿಸೆಂಬರ್‌ನಿಂದ ಮುಂದಿನ ನಾಲ್ಕು ತಿಂಗಳು, ಮಿಲ್ಲು ಪೂರ್ತಿ ಓಡಿ 24,000 ಕ್ವಿಂಟಲ್ ಮಾಡುತ್ತದೆ. ಉಳಿದ ತಿಂಗಳುಗಳಲ್ಲಿ ಮಿಲ್ಲು ಓಡುವ ದಿನಗಳಲ್ಲಿ ದಿನಕ್ಕೆ ಸುಮಾರು 65ರಂತೆ ಇನ್ನೊಂದು 12,000 ಆಗುತ್ತದೆ. ಒಟ್ಟು ವರ್ಷಕ್ಕೆ 36,000. ಪಗಾರ, ವಿದ್ಯುತ್ತಿನ ಡಿಮ್ಯಾಂಡ್ ಚಾರ್ಜು, ಸಾಲದ ಬಡ್ಡಿ, ಸವಕಳಿ, ವಿಮೆ ಇತ್ಯಾದಿ ಸ್ಥಿರ ವೆಚ್ಚ ವರ್ಷಕ್ಕೆ ₹54 ಲಕ್ಷ. ಅದನ್ನು 36,000ದಿಂದ ಭಾಗಿಸಿದರೆ ಕ್ವಿಂಟಲ್‌ಗೆ ₹150. ಇನ್ನು ಪ್ರತಿ ಕ್ವಿಂಟಲ್ ಜೊತೆಗೇ ಏರುವ ವೆಚ್ಚಗಳು: ಕರೆಂಟಿನ ಯೂನಿಟ್ಟುಗಳಿಗೆ ₹45, ಎಣ್ಣೆಗೆ ₹35, ಹಮಾಲಿ ಮತ್ತು ಅಂಗಳದ ಕೂಲಿಗೆ ₹70, ಎಮರಿ ರೋಲರ್ ಮತ್ತು ಜರಡಿಗಳ ಸವೆತಕ್ಕೆ ₹12, ಚಿಲ್ಲರೆ ಖರ್ಚು ₹8. ಕೂಡಿದರೆ ₹170. ಎರಡೂ ಸೇರಿ ₹320. ಕಾಕಾರ ಲೆಕ್ಕದಲ್ಲಿ ಒಂದು ಪೈಸೆಯ ತಪ್ಪೂ ಇಲ್ಲ.

ಆದರೆ ಆ ₹150 ಒಂದು ಭಾಗಾಕಾರದ ಉತ್ತರ, ಕ್ವಿಂಟಲ್ ಮೇಲೆ ನಿಜವಾಗಿ ಬೀಳುವ ಖರ್ಚಲ್ಲ. ಸೋಲಾಪುರದ ಮಾಲು ಬಂದರೂ ಬರದಿದ್ದರೂ ಸ್ಥಿರ ವೆಚ್ಚ ₹54 ಲಕ್ಷವೇ. ಅದೇ ವೆಚ್ಚವನ್ನು 39,000 ಕ್ವಿಂಟಲ್ ಮೇಲೆ ಹಂಚಿದರೆ ಕ್ವಿಂಟಲ್‌ಗೆ ₹138.46 ಆಗುತ್ತದೆ. ಕೆಲಸ ತೆಗೆದುಕೊಳ್ಳುವುದರಿಂದಲೇ ಬದಲಾಗುವ ಅಂಕಿಯನ್ನು ಇಟ್ಟುಕೊಂಡು ಕೆಲಸ ತೆಗೆದುಕೊಳ್ಳಬೇಕೋ ಬೇಡವೋ ಅಂತ ತೀರ್ಮಾನಿಸುವುದು ಸರಿಯಲ್ಲ. ಅರ್ಥಶಾಸ್ತ್ರಜ್ಞ ಜೆ. ಮೌರಿಸ್ ಕ್ಲಾರ್ಕ್ 1923ರಲ್ಲಿ ಸ್ಥಿರ ವೆಚ್ಚಗಳ ಮೇಲೆ ಬರೆದ ದೊಡ್ಡ ಪುಸ್ತಕದ ಮುಖ್ಯ ವಾದವೇ ಇದು: ಯಾವ ಉದ್ದೇಶಕ್ಕೆ ಕೇಳುತ್ತಿದ್ದೀರಿ ಎನ್ನುವುದರ ಮೇಲೆ ವೆಚ್ಚದ ಅಂಕಿ ಬೇರೆಯಾಗುತ್ತದೆ. ವರ್ಷದ ಕೊನೆಗೆ ಮಿಲ್ಲು ಉಳಿಯಿತೋ ಇಲ್ಲವೋ ಅಂತ ನೋಡುವುದಕ್ಕೆ ₹320 ಸರಿ. ಈ ಒಂದು ಆರ್ಡರ್‌ಗೆ ಹೌದು ಅನ್ನಬೇಕೋ ಬೇಡವೋ ಅನ್ನುವುದಕ್ಕೆ ಅದು ಉತ್ತರ ಕೊಡುವುದಿಲ್ಲ.

ಆ ಪ್ರಶ್ನೆಗೆ ಬೇಕಾದ್ದು ಹೆಚ್ಚುವರಿ ವೆಚ್ಚ, ಪಠ್ಯದ ಭಾಷೆಯಲ್ಲಿ ಇನ್‌ಕ್ರಿಮೆಂಟಲ್ ಕಾಸ್ಟ್. ಈ ಆರ್ಡರ್ ಬಂದದ್ದಕ್ಕೇ ಯಾವ ಯಾವ ಖರ್ಚು ಏರುತ್ತದೆ, ಅಷ್ಟನ್ನು ಮಾತ್ರ ಎಣಿಸುವುದು. ಎಂ.ಕಾಂ. ಹುಡುಗನಾಗಿ ನಾನು ಮಾಡಿದ ಲೆಕ್ಕ ಹೀಗಿತ್ತು. ಬರುವುದು ₹240, ಏರುವುದು ₹170, ಉಳಿಯುವುದು ₹70. 3,000 ಕ್ವಿಂಟಲ್‌ಗೆ ₹2,10,000. ಸಾಮರ್ಥ್ಯ ಇದೆಯೇ ಅಂತ ಕೇಳಿದರೆ, ರೋಲರ್ 200, ಮಳೆಗಾಲದ ಮಾಮೂಲಿ ಕೆಲಸ 65, ದಿನಕ್ಕೆ 135 ಖಾಲಿ. ಮೂವತ್ತು ದಿನಕ್ಕೆ 4,050. ಮೂರು ಸಾವಿರ ಆರಾಮಾಗಿ ಹಿಡಿಸುತ್ತದೆ. ಪರೀಕ್ಷೆಯಲ್ಲಿ ಬರೆದಿದ್ದರೆ ಪೂರ್ತಿ ಅಂಕ ಸಿಗುತ್ತಿತ್ತು.

ಕಾಕಾ ಇದನ್ನೆಲ್ಲ ಕೇಳಿಕೊಂಡು ಹೇಳಿದ್ದು ಒಂದೇ ಮಾತು: "ಮಿಲ್ ಖಾಲಿ ಅದ, ಖರೆ. ಈ ಮಳ್ಯಾಗ ತೊಗರಿ ಎಲ್ಲಿ ಒಣಗಸ್ತಿ?"

ಇವತ್ತು ನಾನು ಮಾತಾಡಬೇಕೆಂದಿರುವುದು ಆ ಪ್ರಶ್ನೆಯ ಬಗ್ಗೆಯೇ. ಅದಕ್ಕೆ ತೊಗರಿ ಬೇಳೆ ಹೇಗೆ ಆಗುತ್ತದೆ ಎನ್ನುವುದು ಸ್ವಲ್ಪ ಗೊತ್ತಿರಬೇಕು. ತೊಗರಿಯ ಸಿಪ್ಪೆ ಕಾಳಿಗೆ ಅಂಟಿನಿಂದ ಗಟ್ಟಿಯಾಗಿ ಹಿಡಿದುಕೊಂಡಿರುತ್ತದೆ. ಕಡಲೆಯ ಹಾಗೆ ಸುಲಭಕ್ಕೆ ಬಿಡುವುದಿಲ್ಲ. ಮೊದಲು ಕಾಳನ್ನು ಸ್ವಚ್ಛ ಮಾಡಿ, ಗಾತ್ರದ ಪ್ರಕಾರ ಬೇರೆ ಮಾಡಿ, ಎಮರಿ ರೋಲರ್‌ನಲ್ಲಿ ಹಾಯಿಸಿ ಸಿಪ್ಪೆಯ ಮೇಲೆ ಗೀರು ಬೀಳಿಸುತ್ತಾರೆ. ಆ ಗೀರುಗಳಿಂದ ಎಣ್ಣೆ ಒಳಗೆ ಇಳಿಯಲಿ ಅಂತ ಸ್ವಲ್ಪ ಎಣ್ಣೆ ಸವರಿ, ರಾತ್ರಿ ರಾಶಿ ಹಾಕಿ ಬಿಡುತ್ತಾರೆ. ಮರುದಿನದಿಂದ ಅಂಗಳದಲ್ಲಿ ಹರಡಿ ಬಿಸಿಲಿಗೆ ಒಣಗಿಸುತ್ತಾರೆ. ಆಮೇಲೆ ನೀರು ಚಿಮುಕಿಸಿ ಮತ್ತೆ ರಾಶಿ, ಮತ್ತೆ ಒಣಗಿಸುವುದು, ಮತ್ತೆ ರೋಲರ್. ಸಿಪ್ಪೆ ಒಂದೇ ಸಲಕ್ಕೆ ಪೂರ್ತಿ ಬಿಡುವುದಿಲ್ಲ, ಉಳಿದ ಕಾಳು ಇನ್ನೊಂದು ಸುತ್ತು ಹೋಗುತ್ತದೆ. ಎರಡು ರೋಲರ್ ಹಾಯಿಸುವ ನಡುವೆ ಪ್ರತಿ ಸಲವೂ ಒಣಗಿಸುವುದು ಇದ್ದೇ ಇರುತ್ತದೆ. ಅದಕ್ಕೇ ನಮ್ಮ ಕಡೆಯ ಮಿಲ್ಲುಗಳಲ್ಲಿ ಯಂತ್ರದ ಶೆಡ್ಡಿಗಿಂತ ಸಿಮೆಂಟಿನ ಅಂಗಳ ಎಷ್ಟೋ ಪಾಲು ದೊಡ್ಡದಿರುತ್ತದೆ. ಉದಗೀರದಲ್ಲಾಗಲಿ ಕಲಬುರಗಿಯಲ್ಲಾಗಲಿ ಹಂಗಾಮಿನಲ್ಲಿ ಮಿಲ್ಲಿನ ಹಿಂದೆ ಹೋಗಿ ನೋಡಿ, ಹಳದಿ ಹಾಸಿದ ಹಾಗೆ ಕಾಣುತ್ತದೆ.

ಮಳೆಗಾಲದಲ್ಲಿ ಆ ಅಂಗಳ ಇದ್ದೂ ಇಲ್ಲದ ಹಾಗೆ. ಈ ಮಿಲ್ಲಿನಲ್ಲಿ ಒಂದು ಹಳೆಯ ಡ್ರೈಯರ್ ಇತ್ತು, ಹೊಟ್ಟು ಮತ್ತು ಕಟ್ಟಿಗೆಯ ಒಲೆಯಿಂದ ಬಿಸಿಗಾಳಿ ಊದುವಂಥದ್ದು. ಅದರಲ್ಲಿ ದಿನಕ್ಕೆ ಒಣಗುವುದು 120 ಕ್ವಿಂಟಲ್‌ನ ಕೆಲಸ ಮಾತ್ರ. ಮಾಮೂಲಿ ಗಿರಾಕಿಗಳ 65 ಕ್ವಿಂಟಲ್ ಮಳೆಯ ದಿನ ಹೋಗುವುದೂ ಅಲ್ಲಿಗೇ. ಹಾಗಾದರೆ ನಿಜವಾಗಿ ಖಾಲಿ ಇರುವುದು ದಿನಕ್ಕೆ 55, ಮೂವತ್ತು ದಿನಕ್ಕೆ 1,650. ರೋಲರ್ ನೋಡಿ ನಾನು ಎಣಿಸಿದ 4,050 ಎಲ್ಲಿ, ಈ 1,650 ಎಲ್ಲಿ.

ವೆಚ್ಚವೂ ಬದಲಾಗುತ್ತದೆ. ಡ್ರೈಯರ್‌ನ ಉರುವಲು, ಫ್ಯಾನು ಎಲ್ಲ ಸೇರಿ ಕ್ವಿಂಟಲ್‌ಗೆ ₹40 ಹೆಚ್ಚು. ಅಂಗಳದಲ್ಲಿ ಹರಡಿ, ತಿರುವಿ, ಗುಡಿಸಿ ಒಟ್ಟುವ ಕೂಲಿ ₹25 ಉಳಿಯುತ್ತದೆ. ಹಾಗಾಗಿ ಮಳೆಗಾಲದ ಹೆಚ್ಚುವರಿ ವೆಚ್ಚ ₹170 ಅಲ್ಲ, ₹185. ವಹಿಯಲ್ಲಿದ್ದದ್ದು ವರ್ಷದ ಸರಾಸರಿ. ಆರ್ಡರ್ ಬಂದದ್ದು ಸರಾಸರಿ ತಿಂಗಳಲ್ಲಲ್ಲ. ಇನ್ನೂ ಒಂದಿದೆ. ಡ್ರೈಯರ್ ರಾತ್ರಿಯೂ ಓಡಬೇಕು, ಸೋಲಾಪುರದ ಮಾಲು ಬೇರೆಯವರ ಮಾಲಿನ ಜೊತೆ ಬೆರೆಯಬಾರದು, ಅದಕ್ಕೆ ಒಬ್ಬ ರಾತ್ರಿ ಪಾಳಿಯ ಮೇಲ್ವಿಚಾರಕ ಬೇಕು. ದಿನಕ್ಕೆ ₹600, ತಿಂಗಳಿಗೆ ₹18,000. ಇದು ಕ್ವಿಂಟಲ್ ಜೊತೆ ಏರುವುದಿಲ್ಲ, ಆದರೂ ಈ ಆರ್ಡರ್‌ಗಾಗಿಯೇ ಬರುವ ಖರ್ಚು. ಹೆಚ್ಚುವರಿ ವೆಚ್ಚ ಅಂದರೆ ಚಲ ವೆಚ್ಚ ಅಂತ ವಿದ್ಯಾರ್ಥಿಗಳು ಬರೆದುಬಿಡುತ್ತಾರೆ. ಹೆಚ್ಚಾಗಿ ಎರಡೂ ಒಂದೇ ಆಗಿರುತ್ತವೆ, ಆದರೆ ಯಾವಾಗಲೂ ಅಲ್ಲ. ಈ ಮೇಲ್ವಿಚಾರಕನ ಕೂಲಿ ಅದಕ್ಕೆ ಉದಾಹರಣೆ.

ಈಗ ವ್ಯಾಪಾರಿ ಕೇಳಿದ ಹಾಗೆಯೇ 3,000 ಕ್ವಿಂಟಲ್ ಮೂವತ್ತು ದಿನದಲ್ಲಿ ಮಾಡೋಣ. ದಿನಕ್ಕೆ 100 ಒಣಗಿಸಬೇಕು. ಡ್ರೈಯರ್‌ನಲ್ಲಿ ಮಾಮೂಲಿ ಗಿರಾಕಿಗಳಿಗೆ ಉಳಿಯುವುದು 20. ಅವರ ದಿನದ 45 ಕ್ವಿಂಟಲ್ ಹೊರಗೆ ಬೀಳುತ್ತದೆ, ತಿಂಗಳಿಗೆ 1,350. ಅವರು ಕೊಡುತ್ತಿದ್ದದ್ದು ₹360, ಅವರ ಕೆಲಸಕ್ಕೂ ಮಳೆಯಲ್ಲಿ ಏರುವುದು ₹185. ಅಂದರೆ ಹೊರಗೆ ಹೋದ ಒಂದೊಂದು ಕ್ವಿಂಟಲ್ ಜೊತೆ ₹175 ಹೋಗುತ್ತದೆ. ಇದೇ ಅವಕಾಶ ವೆಚ್ಚ. ಯಾವ ವಹಿಯಲ್ಲೂ ಇದಕ್ಕೆ ಖಾತೆ ಇರುವುದಿಲ್ಲ, ಯಾಕೆಂದರೆ ಬಾರದೆ ಹೋದ ಹಣವನ್ನು ಯಾರೂ ಬರೆದಿಡುವುದಿಲ್ಲ.

ಸೋಲಾಪುರದ ಆರ್ಡರ್‌ನಿಂದ ಬರುವುದು ಕ್ವಿಂಟಲ್‌ಗೆ ₹55ರಂತೆ 3,000ಕ್ಕೆ ₹1,65,000. ಅದರಿಂದ ಮೇಲ್ವಿಚಾರಕನ ₹18,000 ಕಳೆಯಿರಿ. ಹೋದ ಮಾಮೂಲಿ ಕೆಲಸದ ₹2,36,250 ಕಳೆಯಿರಿ. ಉಳಿಯುವುದು ₹89,250 ನಷ್ಟ. ನಾನು ಹೇಳಿದ ಎರಡು ಲಕ್ಷದ ಲಾಭ ಎಲ್ಲಿ, ಈ ತೊಂಬತ್ತು ಸಾವಿರದ ನಷ್ಟ ಎಲ್ಲಿ. ನೋಡಿ, ಕಾಕಾ "ಬೇಡ" ಅಂದದ್ದು ಸರಿಯಾಗಿತ್ತು, ಆದರೆ ವಹಿ ತೋರಿಸಿ ಕೊಟ್ಟ ಕಾರಣ ಸರಿಯಿರಲಿಲ್ಲ. ನಾನು ಕೊಟ್ಟ ಕಾರಣ ಸರಿಯಿತ್ತು, ಉತ್ತರ ತಪ್ಪಿತ್ತು.

ಇಲ್ಲಿ ಒಬ್ಬ ವಿದ್ಯಾರ್ಥಿನಿ ಚಾಟ್‌ನಲ್ಲಿ ಕೇಳಿದ್ದಾರೆ: "ಸರ್, ಮಾಮೂಲಿ ಗಿರಾಕಿ ಒಂದು ತಿಂಗಳು ಕಾಯ್ತಾರಲ್ವಾ? ಅವರು ಹೋಗೇಬಿಡ್ತಾರೆ ಅಂತ ಯಾಕೆ ಹಿಡೀಬೇಕು?" ಒಳ್ಳೆಯ ಪ್ರಶ್ನೆ. ಕಾಯುವವರು ಇದ್ದೇ ಇರುತ್ತಾರೆ. ಹಾಗಾಗಿ 1,350 ಪೂರ್ತಿ ಹೋಗುತ್ತದೆ ಅಂತ ಪಟ್ಟು ಹಿಡಿಯುವ ಬದಲು, ಎಷ್ಟು ಹೋದರೆ ಲೆಕ್ಕ ಸಮವಾಗುತ್ತದೆ ಅಂತ ಕೇಳೋಣ. ₹1,65,000ದಲ್ಲಿ ₹18,000 ಕಳೆದರೆ ₹1,47,000. ಅದನ್ನು ₹175ರಿಂದ ಭಾಗಿಸಿದರೆ 840. ಹಿಂದೆ ಸರಿದ 1,350ರಲ್ಲಿ 840ಕ್ಕಿಂತ ಹೆಚ್ಚು ಬೇರೆ ಮಿಲ್ಲಿಗೆ ಹೋದರೆ ನಷ್ಟ, ಕಡಿಮೆ ಹೋದರೆ ಲಾಭ. ಈಗ ಈ ಪ್ರಶ್ನೆಯನ್ನು ಮುನೀಮರಿಗೆ ಕೇಳಬಹುದು. ನೂರರಲ್ಲಿ ಎಷ್ಟು ಗಿರಾಕಿ ಕಾಯುತ್ತಾರೆ ಅಂದರೆ ಅವರು ಹೇಳಲಾರರು. ಆದರೆ ಹೆಸರು ಹಿಡಿದು ಇಂಥವನು ಕಾಯುತ್ತಾನೆ, ಇಂಥವನು ಮರುದಿನವೇ ಪಕ್ಕದ ಮಿಲ್ಲಿಗೆ ಗಾಡಿ ತಿರುಗಿಸುತ್ತಾನೆ ಅಂತ ಹೇಳಬಲ್ಲರು. ಕೂಡಿಸಿ 840 ದಾಟುತ್ತದೋ ಇಲ್ಲವೋ ನೋಡಿದರಾಯಿತು. ಒಮ್ಮೆ ಹೋದವನು ಹಂಗಾಮಿನಲ್ಲೂ ತಿರುಗಿ ಬರದಿದ್ದರೆ ಏನು ಎನ್ನುವುದನ್ನು ನಾನು ಇದರಲ್ಲಿ ಸೇರಿಸಿಲ್ಲ. ಅದನ್ನು ಸೇರಿಸಿದರೆ 840 ಇನ್ನೂ ಕೆಳಗೆ ಇಳಿಯುತ್ತದೆ.

ಹಾಗಾದರೆ ಆರ್ಡರ್ ಬಿಡಬೇಕಾಗಿತ್ತೇ? ಇಲ್ಲ. ₹240 ದರದಲ್ಲಿ ದೋಷವಿರಲಿಲ್ಲ, ತಿಂಗಳ ಅವಧಿಯಲ್ಲಿತ್ತು. ದಿನಕ್ಕೆ 55ರಂತೆ ಮಾಡಿದರೆ 3,000ಕ್ಕೆ 55 ದಿನ ಬೇಕು. ಆಷಾಢದಲ್ಲಿ ಶುರು ಮಾಡಿದರೆ ಹೊಸ ಹಂಗಾಮಿಗಿಂತ ಎಷ್ಟೋ ಮೊದಲು ಮುಗಿಯುತ್ತದೆ. ಯಾವ ಗಿರಾಕಿಯೂ ಹೊರಗೆ ಬೀಳುವುದಿಲ್ಲ. ₹1,65,000ದಲ್ಲಿ ಮೇಲ್ವಿಚಾರಕನ 55 ದಿನದ ₹33,000 ಕಳೆದರೆ ₹1,32,000 ಉಳಿಯುತ್ತದೆ. ಇಲ್ಲ, ಒಂದೇ ತಿಂಗಳಲ್ಲಿ ಬೇಕೇ ಬೇಕು ಅಂದರೆ ಅದಕ್ಕೂ ಒಂದು ದರ ಇದೆ. ಏರುವ ವೆಚ್ಚ ₹5,55,000, ಮೇಲ್ವಿಚಾರಕ ₹18,000, ಕಳೆದುಕೊಳ್ಳುವ ಕೆಲಸ ₹2,36,250. ಒಟ್ಟು ₹8,09,250, ಕ್ವಿಂಟಲ್‌ಗೆ ಸುಮಾರು ₹270. ಅದಕ್ಕಿಂತ ಕೆಳಗೆ ಒಪ್ಪಬಾರದು. ಗಮನಿಸಿ, ಈ ₹270 ಕೂಡ ಪೂರ್ಣ ವೆಚ್ಚವಾದ ₹320ಕ್ಕಿಂತ ಕಡಿಮೆಯೇ. ಕಾಕಾ ಅವನ ಮುಂದೆ ಈ ಎರಡು ಮಾತು ಇಟ್ಟು, ನೀನೇ ಆರಿಸಿಕೋ ಅನ್ನಬಹುದಿತ್ತು. ಯಾವುದನ್ನೂ ಇಡದೆ ಕಳಿಸಿದ್ದಕ್ಕೆ ಆ ಮಳೆಗಾಲದಲ್ಲಿ ಹಮಾಲರ ಕೈಯಿಂದಲೂ ಕೆಲಸ ಹೋಯಿತು. ಅಂಗಳದ ₹25 ಕಳೆದು ಕ್ವಿಂಟಲ್‌ಗೆ ₹45ರಂತೆ 3,000 ಕ್ವಿಂಟಲ್‌ಗೆ ₹1,35,000 ಕೂಲಿ. ಮಾಲೀಕನ ಲಾಭದ ಲೆಕ್ಕದಲ್ಲಿ ಇದು ಖರ್ಚು. ಆದರೆ ದೇವಣಿ, ವಲಾಂಡಿ ಕಡೆಯಿಂದ ಆ ಮಿಲ್ಲಿಗೆ ಹೋಗುತ್ತಿದ್ದವರ ಮನೆಯಲ್ಲಿ ಅದೇ ಆಷಾಢದ ಸಂತೆಯ ದುಡ್ಡು.

ಇನ್ನೊಬ್ಬ ಅಧ್ಯಾಪಕರು, ಸ್ವತಃ ಬೀದರ ಕಡೆಯವರು, ಕೇಳಿದ್ದು: "ನೀವು ಪಗಾರ ಸ್ಥಿರ ಅಂತ ಹಿಡ್ದೀರಿ. ನಮ್ಮ ಕಡಿ ಮಳೆಗಾಲದಾಗ ಮಷೀನ್ ಆಪರೇಟರ್‌ನ ಮನಿಗಿ ಕಳಸ್ತಾರಲ್ರಿ?" ಹೌದು ಸರ್. ಕಳಿಸುವ ಮಿಲ್ಲಾಗಿದ್ದರೆ, ಈ ಆರ್ಡರ್‌ಗಾಗಿ ಅವನನ್ನು ಮತ್ತೆ ಕರೆದದ್ದಾದರೆ, ಅವನ ಪಗಾರ ಹೆಚ್ಚುವರಿ ವೆಚ್ಚವೇ. ಸ್ಥಿರ, ಚಲ ಅನ್ನುವುದು ಆ ವೆಚ್ಚದ ಹಣೆಯಲ್ಲಿ ಬರೆದಿರುವುದಿಲ್ಲ. ಆ ಮಿಲ್ಲಿನಲ್ಲಿ ಆ ತಿಂಗಳಲ್ಲಿ ಏನು ನಡೆಯುತ್ತದೆ ಅನ್ನುವುದನ್ನು ನೋಡಿ ಹೇಳಬೇಕು. ವಿದ್ಯುತ್ ಬಿಲ್ಲೂ ಹಾಗೆಯೇ. ಡಿಮ್ಯಾಂಡ್ ಚಾರ್ಜು ಮಿಲ್ಲು ನಿಂತರೂ ಬರುತ್ತದೆ, ಹಾಗಾಗಿ ಎಣಿಸಬಾರದು. ಆದರೆ ಡ್ರೈಯರ್ ಮತ್ತು ರೋಲರ್ ಎಲ್ಲವನ್ನೂ ಒಟ್ಟಿಗೆ ಓಡಿಸಿ ಒಪ್ಪಂದದ ಲೋಡ್ ದಾಟಿದರೆ ಬೀಳುವ ದಂಡ ಈ ಆರ್ಡರ್‌ನದೇ ಖರ್ಚು.

ಖಾಲಿ ಸಾಮರ್ಥ್ಯ ಅಂದರೆ ಏನು ಅನ್ನುವುದರ ಬಗ್ಗೆ ಒಂದು ಮಾತು. ಭಾರತೀಯ ಕಾಸ್ಟ್ ಅಕೌಂಟೆಂಟ್ಸ್ ಸಂಸ್ಥೆ ಸಾಮರ್ಥ್ಯವನ್ನು ನಿರ್ಧರಿಸುವುದಕ್ಕೆ ಸಿಎಎಸ್-2 ಎಂಬ ಮಾನದಂಡ ಕೊಟ್ಟಿದೆ. ಅದರ ಪ್ರಕಾರ ಸಾಮಾನ್ಯ ಸಾಮರ್ಥ್ಯ ಅಂದರೆ ಸಾಮಾನ್ಯ ಪರಿಸ್ಥಿತಿಯಲ್ಲಿ ಒಂದು ಅವಧಿ ಅಥವಾ ಹಂಗಾಮಿನಲ್ಲಿ ಸರಾಸರಿಯಾಗಿ ಸಾಧಿಸಬಹುದಾದ ಉತ್ಪಾದನೆ. ವರ್ಷದ ವೆಚ್ಚ ಹಂಚುವುದಕ್ಕೆ ಇದು ಒಳ್ಳೆಯದು. ಆದರೆ ಆರ್ಡರ್ ತೀರ್ಮಾನಕ್ಕೆ ವರ್ಷದ ಸರಾಸರಿ ಸಾಲದು. ಆ ಮೂವತ್ತು ದಿನಗಳಲ್ಲಿ ಯಾವ ಹಂತ ಅತಿ ಕಿರಿದಾಗಿದೆ, ಅದರಲ್ಲಿ ಎಷ್ಟು ಜಾಗ ಉಳಿದಿದೆ, ಅಷ್ಟೇ ಖಾಲಿ ಸಾಮರ್ಥ್ಯ. ಜನವರಿಯಲ್ಲಿ ಇದೇ ಮಿಲ್ಲಿನಲ್ಲಿ ಕಿರಿದಾದ ಹಂತ ರೋಲರ್. ಜುಲೈಯಲ್ಲಿ ಡ್ರೈಯರ್. ಮೈಸೂರಿನ ಸಿಎಫ್‌ಟಿಆರ್‌ಐ ಬಿಸಿಗಾಳಿಯಿಂದ ಕಾಳನ್ನು ಹದ ಮಾಡಿ, ಎಣ್ಣೆಯೂ ಬಿಸಿಲೂ ಬೇಡದ ಹಾಗೆ ಬೇಳೆ ಮಾಡುವ ವಿಧಾನವನ್ನು ಎಂದೋ ರೂಪಿಸಿದೆ. ಆ ಯಂತ್ರ ಇರುವ ಮಿಲ್ಲಿಗೆ ಜುಲೈ ಮತ್ತು ಜನವರಿ ಬೇರೆ ಬೇರೆ ಅಲ್ಲ, ಇವತ್ತಿನ ನನ್ನ ಉದಾಹರಣೆ ಅಲ್ಲಿ ಹೊಂದುವುದೇ ಇಲ್ಲ.

"ಅಂಥ ಯಂತ್ರವನ್ನೇ ತಂದುಬಿಟ್ಟರೆ?" ಎಂದು ಕೇಳುತ್ತೀರಿ. ತರಬಹುದು. ಆದರೆ ಯಂತ್ರ ತರುವುದು ಈ ಆರ್ಡರ್‌ಗಾಗಿ ಆದರೆ ಅದರ ಬೆಲೆಯೂ ಬಡ್ಡಿಯೂ ಹೆಚ್ಚುವರಿ ವೆಚ್ಚವಾಗುತ್ತವೆ, ₹55ರ ಉಳಿಕೆ ಅದನ್ನು ಹೊರಲಾರದು. ಇದರ ಜೊತೆಗೇ ಇನ್ನೊಂದು ಎಚ್ಚರ ಬೇಕು. ಸೋಲಾಪುರದವನು ಪ್ರತಿ ಆಷಾಢಕ್ಕೂ ಬರತೊಡಗಿದರೆ ಆ ಆರ್ಡರ್ ವಿಶೇಷ ಆರ್ಡರ್ ಆಗಿ ಉಳಿಯುವುದಿಲ್ಲ. ಮೂರನೆಯ ವರ್ಷಕ್ಕೆ ಅವನು ಮಾಮೂಲಿ ಗಿರಾಕಿ. ಆ ₹54 ಲಕ್ಷದಲ್ಲಿ ಅವನ ಪಾಲೂ ಇರಬೇಕು. ಎಲ್ಲ ಗಿರಾಕಿಗಳಿಗೂ ಹೆಚ್ಚುವರಿ ವೆಚ್ಚದ ದರ ಕೊಟ್ಟರೆ ಸ್ಥಿರ ವೆಚ್ಚ ಯಾರಿಂದಲೂ ಬರುವುದಿಲ್ಲ.

ದರ ಹಬ್ಬುವ ಭಯವೂ ಸಣ್ಣದಲ್ಲ. ಉದಗೀರದ ಪೇಟೆ ದೊಡ್ಡದಾದರೂ ಅಡತಿಯವರ ಕಿವಿ ಚಿಕ್ಕದಲ್ಲ. ₹240ಕ್ಕೆ ಮಾಡಿಕೊಟ್ಟರಂತೆ ಎಂಬ ಸುದ್ದಿ ಮರುದಿನವೇ ಚಹಾದಂಗಡಿಗೆ ಬರುತ್ತದೆ. ಮಾಮೂಲಿ ಗಿರಾಕಿಗಳು ಹಟ ಹಿಡಿದು ವರ್ಷದ 36,000 ಕ್ವಿಂಟಲ್ ಮೇಲೆ ಬರೀ ₹4 ಕಡಿಮೆ ಮಾಡಿಸಿಕೊಂಡರೂ ₹1,44,000 ಹೋಗುತ್ತದೆ. 55 ದಿನ ದುಡಿದು ಗಳಿಸುವ ₹1,32,000ಕ್ಕಿಂತ ಅದು ಹೆಚ್ಚು. ಈ ಆರ್ಡರ್‌ನ ಅನುಕೂಲ ಏನೆಂದರೆ ವ್ಯಾಪಾರಿ ಹೊರಗಿನವನು, ತೊಗರಿ ಅವನದೇ, ಬೇಳೆ ಹೋಗುವುದೂ ಹೊರಗೆ. ಸ್ಥಳೀಯ ಅಡತಿಯವನೇ ಇದೇ ದರ ಕೇಳಿದ್ದರೆ ನಾನು ಒಪ್ಪಬೇಡಿ ಅನ್ನುತ್ತಿದ್ದೆ.

ಇನ್ನೊಂದು ಪ್ರಶ್ನೆ: "ತೊಗರಿ ಅವನದಲ್ಲ, ಮಿಲ್ಲಿನದೇ. ಬೇಳೆ ಮಾರಾಟದ ಆರ್ಡರ್ ಆಗಿದ್ದರೆ?" ಆಗ ಕಚ್ಚಾ ಮಾಲಿನ ಬೆಲೆ ಯಾವುದು ಹಿಡಿಯಬೇಕು ಅನ್ನುವುದರಲ್ಲಿ ಬಹಳ ಜನ ಎಡವುತ್ತಾರೆ. ಜನವರಿಯಲ್ಲಿ ₹7,000ಕ್ಕೆ ಕೊಂಡು ಗೋದಾಮಿನಲ್ಲಿ ಇಟ್ಟಿದ್ದೀರಿ, ಜುಲೈಯಲ್ಲಿ ಪೇಟೆ ₹7,800 ಇದೆ ಎಂದುಕೊಳ್ಳಿ. ವಹಿಯಲ್ಲಿರುವುದು ₹7,000. ಆದರೆ ಈ ಆರ್ಡರ್‌ಗೆ ಬಳಸಿದರೆ ನೀವು ಬಿಟ್ಟುಕೊಡುವುದು ಇವತ್ತು ಮಾರಿದ್ದರೆ ಬರುತ್ತಿದ್ದ ಬೆಲೆ. ಮಾರುವ ಖರ್ಚು ಕಳೆದರೆ ಹೆಚ್ಚುಕಡಿಮೆ ₹7,800. ಪೇಟೆ ₹6,500ಕ್ಕೆ ಇಳಿದಿದ್ದರೆ ಹಿಡಿಯಬೇಕಾದ್ದು ₹6,500. ಕೊಂಡ ಬೆಲೆಗೆ ಬರಲಿಲ್ಲ ಅಂತ ಆರ್ಡರ್ ಬಿಟ್ಟವರನ್ನು ನಾನು ನೋಡಿದ್ದೇನೆ. ತೊಗರಿ ಮುಂದೆ ಇನ್ನೂ ಇಳಿಯಿತು.

ಕೊನೆಗೆ, ಕರಾರಿನ ಒಂದು ಕಲಮಿನ ಬಗ್ಗೆ. ಲೆಕ್ಕದಲ್ಲಿ ಎಲ್ಲೂ ಕಾಣಿಸದೆ ಪೂರ್ತಿ ಲಾಭವನ್ನು ತಿನ್ನಬಲ್ಲದ್ದು ಅದು. ಇಂಥ ಕೆಲಸದಲ್ಲಿ ತೊಗರಿ ಕೊಟ್ಟವನು ಕ್ವಿಂಟಲ್‌ಗೆ ಇಷ್ಟು ಕಿಲೋ ಬೇಳೆ ವಾಪಸ್ ಬರಬೇಕು ಅಂತ ಬರೆಸಿಕೊಳ್ಳುತ್ತಾನೆ. 72 ಕಿಲೋ ಅಂತ ಇಟ್ಟುಕೊಳ್ಳೋಣ. ಉಳಿದದ್ದು ಹೊಟ್ಟು, ಚುನ್ನಿ, ನುಚ್ಚು. ಮಳೆಗಾಲದಲ್ಲಿ ಕಾಳು ಸರಿಯಾಗಿ ಒಣಗದಿದ್ದರೆ ಸಿಪ್ಪೆ ಬಿಡುವುದಿಲ್ಲ. ಸಿಪ್ಪೆ ಬಿಡಲಿ ಅಂತ ರೋಲರ್ ಬಿಗಿ ಮಾಡಿದರೆ ಬೇಳೆಯೇ ಸವೆದು ಚುನ್ನಿಯಾಗುತ್ತದೆ, ಅಂಚು ಮುರಿದು ನುಚ್ಚಾಗುತ್ತದೆ. 72ರ ಬದಲು 71 ಬಂದರೆ ಒಂದು ಕಿಲೋ ಬೇಳೆ ಮಿಲ್ಲಿನವನ ಕೈಯಿಂದ. ಬೇಳೆ ಕಿಲೋಗೆ ₹100 ಎಂದು ಹಿಡಿದರೂ ಕ್ವಿಂಟಲ್‌ಗೆ ₹100 ಹೋಯಿತು, ನಮಗೆ ಉಳಿಯುತ್ತಿದ್ದದ್ದು ಮೇಲ್ವಿಚಾರಕನ ಕೂಲಿ ಕಳೆದ ಮೇಲೆ ₹44. ಕ್ವಿಂಟಲ್‌ಗೆ 440 ಗ್ರಾಂ ಕಡಿಮೆ ಬಂದರೆ ಇಡೀ ಆರ್ಡರ್ ಪುಕ್ಕಟೆ ಕೆಲಸ. ದರದ ಮೇಲೆ ಐದು, ಹತ್ತು ರೂಪಾಯಿಗೆ ಗಂಟೆಗಟ್ಟಲೆ ಚೌಕಾಸಿ ಮಾಡಿ, ಈ ಕಲಮಿಗೆ ಓದದೇ ಸಹಿ ಹಾಕುವವರೇ ಹೆಚ್ಚು.

ಇದನ್ನು ಮೊದಲೇ ತಿಳಿಯುವ ದಾರಿ ಸರಳವಾಗಿದೆ. ಕರಾರಿಗೆ ಮುಂಚೆ ಅವನದೇ ಮಾಲಿನಿಂದ 100 ಕ್ವಿಂಟಲ್ ತೆಗೆದು, ಅದೇ ಡ್ರೈಯರ್‌ನಲ್ಲಿ, ಅದೇ ಮಳೆಯಲ್ಲಿ ಒಂದು ಪೂರ್ತಿ ಸುತ್ತು ಮಾಡಿ ತೂಕ ಹಾಕಬೇಕು. ಬೇಳೆ, ನುಚ್ಚು, ಚುನ್ನಿ, ಹೊಟ್ಟು ನಾಲ್ಕನ್ನೂ ಬೇರೆ ಬೇರೆ ತೂಗಿ, ಅವನ ಮುಂದೆಯೇ ಬರೆದು, ಬಂದ ಅಂಕಿಯನ್ನೇ ಕರಾರಿಗೆ ಹಾಕಿಸಬೇಕು. ಆಮೇಲೆ ಪ್ರತಿ ಲಾಟಿನ ತೂಕವನ್ನು ಅದರ ಪಕ್ಕದಲ್ಲಿ ಬರೆಯುತ್ತ ಹೋಗಬೇಕು. ಎರಡು ಲಾಟು ಸತತವಾಗಿ ಕೆಳಗೆ ಬಂದರೆ ಮಿಲ್ಲು ನಿಲ್ಲಿಸಿ ಮೊದಲು ನೋಡಬೇಕಾದ್ದು ಡ್ರೈಯರ್‌ನಿಂದ ಬರುವ ಕಾಳಿನ ತೇವ, ಆಮೇಲೆ ರೋಲರ್. ಇದನ್ನು ನನಗೆ ಹೇಳಿದವರೂ ಕಾಕಾ ಅವರೇ. ಕಾಳನ್ನು ಹಲ್ಲಿಗೆ ಹಾಕಿ ಕಚ್ಚಿ, ಟಕ್ ಅಂತ ಒಡೆದರೆ ಸರಿ, ಮೆತ್ತಗೆ ಬಾಗಿದರೆ ಇನ್ನೂ ಒಣಗಿಲ್ಲ ಅನ್ನುತ್ತಿದ್ದರು. ತೇವ ಅಳೆಯುವ ಮೀಟರ್ ಮಿಲ್ಲಿನ ಕಪಾಟಿನಲ್ಲಿ ಇತ್ತು, ಅದನ್ನು ಅವರು ಹೊರಗೆ ತೆಗೆಯುತ್ತಿದ್ದದ್ದು ಗಿರಾಕಿ ಬಂದಾಗ ಮಾತ್ರ.